ಒಂದು ಸರಿ, ಒಂದು ತಪ್ಪು: ಲಕ್ಷ-ಕೋಟಿ ಹಾಳೆಯಲ್ಲಿ ಕಾಮಾ ಮತ್ತು ವಿಸ್ತೃತ ರೂಪದ ದೋಷ ಹುಡುಕುವುದು

ಆರನೇ ತರಗತಿಯ ಹುಡುಗನೊಬ್ಬನ ಅಭ್ಯಾಸ ಹಾಳೆ ತಿದ್ದುತ್ತಿದ್ದೆ. ಸ್ಥಾನಬೆಲೆಯ ಪಾಠ. ಆರು ಸಂಖ್ಯೆ ಕೊಟ್ಟಿದ್ದೆ. ಪ್ರತಿಯೊಂದಕ್ಕೂ ಕಾಮಾ ಹಾಕಬೇಕು, ಅಕ್ಷರದಲ್ಲಿ ಬರೆಯಬೇಕು, ಆಮೇಲೆ ವಿಸ್ತೃತ ರೂಪ ಬರೆಯಬೇಕು. ಪಠ್ಯಪುಸ್ತಕದಲ್ಲಿ ಅಲ್ಪವಿರಾಮ ಅಂತ ಇರುತ್ತದೆ, ಮಕ್ಕಳು ಕಾಮಾ ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಅನ್ನುತ್ತೇನೆ. ಅವನು ಹಾಕಿದ್ದ ಕಾಮಾಗಳು ಹೀಗಿದ್ದವು:

95297 → 95,297 (ಸರಿ)
554519 → 55,4,519 (ತಪ್ಪು)
191791 → 19,1,791 (ತಪ್ಪು)
1805769 → 18,05,769 (ಸರಿ)
3001127 → 30,01,127 (ಸರಿ)
61095297 → 61,09,5,297 (ತಪ್ಪು)

ಮೂರು ಸರಿ, ಮೂರು ತಪ್ಪು. ಇಂಥ ಹಾಳೆ ನೋಡಿದರೆ ಮೊದಲು ಹೊಳೆಯುವುದು ಒಂದೇ, ಹುಡುಗನಿಗೆ ಗಮನ ಇಲ್ಲ. ಗೊತ್ತಿದ್ದರೆ ಎಲ್ಲವೂ ಸರಿಯಾಗಬೇಕಿತ್ತು, ಗೊತ್ತಿಲ್ಲದಿದ್ದರೆ ಎಲ್ಲವೂ ತಪ್ಪಾಗಬೇಕಿತ್ತು, ಅಲ್ವಾ? ಎಷ್ಟೋ ವರ್ಷ ನಾನೂ ಇಂಥ ಹಾಳೆಗಳ ಮೇಲೆ ‘ಗಮನವಿಟ್ಟು ಮಾಡು’ ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಟ್ಟಿದ್ದೇನೆ. ಆದರೆ ಈ ಹಾಳೆಯಲ್ಲಿ ತಪ್ಪಾದ ಮೂರು ಸಂಖ್ಯೆಗಳ ಅಂಕಿಗಳನ್ನು ಎಣಿಸಿ ನೋಡಿ. ಆರು, ಆರು, ಎಂಟು. ಸರಿಯಾದವುಗಳಲ್ಲಿ ಐದು, ಏಳು, ಏಳು. ಅಂಕಿಗಳ ಲೆಕ್ಕ ಬೆಸ ಇದ್ದಾಗ ಸರಿ, ಸಮ ಇದ್ದಾಗ ತಪ್ಪು. ಗಮನ ಇಲ್ಲದ ಹುಡುಗ ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದಿಲ್ಲ. ಒಂದು ನಿಯಮ ಹಿಡಿದೇ ಮಾಡಿದ್ದಾನೆ.

ಅವನನ್ನು ಕರೆದು, ಹೇಗೆ ಮಾಡಿದೆ ಹೇಳು ಅಂದೆ. ‘ಸರ್, ಕೊನೆಯ ಮೂರು ಬಿಟ್ಟೆ. ಆಮೇಲೆ ಎರಡೆರಡು ಮಾಡಿದೆ’ ಅಂದ. ನಾನೇ ಹೇಳಿಕೊಟ್ಟ ಮಾತು ಅದು. ಅದರಲ್ಲಿ ತಪ್ಪೇ ಇಲ್ಲ. ಪೆನ್ಸಿಲ್ ಕೊಟ್ಟು ಇನ್ನೊಮ್ಮೆ ಮಾಡಿಸಿದೆ. ಆಗ ಕಂಡಿತು. 554519ರಲ್ಲಿ 519 ಬಿಟ್ಟ. ಉಳಿದದ್ದು 554. ಅದನ್ನು ಎರಡೆರಡು ಮಾಡಲು ಎಡಗಡೆಯಿಂದ ಶುರುಮಾಡಿದ. 55 ಒಂದು ಜೋಡಿ, 4 ಒಂಟಿ. ಬಲಗಡೆಯಿಂದ ಬಂದಿದ್ದರೆ 54 ಜೋಡಿಯಾಗಿ, ಎಡತುದಿಯ 5 ಒಂಟಿಯಾಗಬೇಕಿತ್ತು. ಅದೇ ಸರಿ: 5,54,519. ಇದು 2011ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ.

ಬೆಸ ಅಂಕಿಯ ಸಂಖ್ಯೆಯಲ್ಲಿ ಈ ದೋಷ ಯಾಕೆ ಅಡಗುತ್ತದೆ ಅನ್ನುವುದು ಈಗ ಸುಲಭ. ಏಳು ಅಂಕಿಯಲ್ಲಿ ಮೂರು ಬಿಟ್ಟರೆ ನಾಲ್ಕು ಉಳಿಯುತ್ತವೆ. ನಾಲ್ಕನ್ನು ಯಾವ ಕಡೆಯಿಂದ ಎರಡೆರಡು ಮಾಡಿದರೂ ಜೋಡಿಗಳು ಒಂದೇ. ಹಾಗಾಗಿ 18,05,769 ಮತ್ತು 30,01,127 ತಾವಾಗೇ ಸರಿ ಬಂದವು. ಆರು ಅಂಕಿಯಲ್ಲಿ ಮೂರು ಬಿಟ್ಟರೆ ಮೂರು ಉಳಿಯುತ್ತವೆ. ಅಲ್ಲಿ ಒಂದು ಅಂಕಿ ಒಂಟಿಯಾಗಲೇಬೇಕು. ಆ ಒಂಟಿ ಅಂಕಿ ಎಡತುದಿಯಲ್ಲಿ ನಿಂತರೆ ಮಾತ್ರ ಸರಿ. ನಡುವೆ ನಿಂತರೆ ತಪ್ಪು.

ಯಾವ ಸಂಖ್ಯೆ ಕೊಟ್ಟರೆ ಯಾವ ದೋಷ ಕಾಣುತ್ತದೆ

ಈ ಹಾಳೆಯಲ್ಲಿ ಆರಂಕಿ, ಎಂಟಂಕಿ ಎರಡೂ ಇದ್ದವು. ಇಲ್ಲದಿದ್ದರೆ ನಾನು ಆ ಹುಡುಗನಿಗೆ ಪೂರ್ತಿ ಅಂಕ ಕೊಟ್ಟು ಕಳಿಸುತ್ತಿದ್ದೆ. ಹಾಗಾಗಿ ಮಗುವಿನ ಉತ್ತರ ನೋಡುವ ಮೊದಲು ಹಾಳೆಯಲ್ಲಿ ಎಂಥ ಸಂಖ್ಯೆಗಳಿವೆ ನೋಡಿ.

ಐದಂಕಿಯ ಸಂಖ್ಯೆಯಿಂದ ಈ ವಿಷಯದಲ್ಲಿ ಏನೂ ಗೊತ್ತಾಗುವುದಿಲ್ಲ. 95,297 ನಮ್ಮ ಪದ್ಧತಿಯಲ್ಲೂ ಅಷ್ಟೇ, ಮೂರು ಮೂರು ಅಂಕಿಗೆ ಕಾಮಾ ಹಾಕುವ ಅಂತರರಾಷ್ಟ್ರೀಯ ಪದ್ಧತಿಯಲ್ಲೂ ಅಷ್ಟೇ. ಎಡದಿಂದ ಜೋಡಿ ಮಾಡುವ ನಮ್ಮ ಹುಡುಗನ ಪದ್ಧತಿಯಲ್ಲೂ ಅಷ್ಟೇ. ಮೂರು ಬೇರೆ ಬೇರೆ ಯೋಚನೆ, ಒಂದೇ ಉತ್ತರ.

ಆರಂಕಿಗೆ ಬಂದರೆ ದಾರಿಗಳು ಬೇರೆಯಾಗುತ್ತವೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಮಗು 191,791 ಅಂತ ಬರೆದರೆ ಅದು ಮೂರು ಮೂರಾಗಿ ಹಾಕಿದೆ. 19,1,791 ಅಂದರೆ ಕೊನೆಯ ಮೂರು ಬಿಟ್ಟು ಎಡದಿಂದ ಜೋಡಿ ಮಾಡಿದೆ. 19,17,91 ಅಂದರೆ ಮೂರು ಬಿಡುವುದನ್ನೇ ಮರೆತು ಎಲ್ಲವನ್ನೂ ಎರಡೆರಡು ಮಾಡಿದೆ. ಆದರೆ ಈ ಕೊನೆಯದನ್ನು ಎಡದಿಂದ ಮಾಡಿದೆಯೋ ಬಲದಿಂದ ಮಾಡಿದೆಯೋ ಹೇಳಲಾಗದು. ಆರು ಸಮಸಂಖ್ಯೆ, ಎರಡು ಕಡೆಯಿಂದಲೂ ಒಂದೇ ಬರುತ್ತದೆ.

ಅದನ್ನು ತಿಳಿಯಲು ಏಳಂಕಿ ಬೇಕು. ನನಗೆ ತುಂಬಾ ಉಪಯೋಗಕ್ಕೆ ಬಂದಿರುವುದು 3001127. ಮೈಸೂರು ಜಿಲ್ಲೆಯ 2011ರ ಜನಸಂಖ್ಯೆ ಇದು. ಎಲ್ಲವನ್ನೂ ಬಲದಿಂದ ಎರಡೆರಡು ಮಾಡುವ ಮಗು 3,00,11,27 ಬರೆಯುತ್ತದೆ. ಎಡದಿಂದ ಎರಡೆರಡು ಮಾಡುವ ಮಗು 30,01,12,7 ಬರೆಯುತ್ತದೆ. ‘ಮೊದಲು ಮೂರು’ ಅನ್ನುವುದನ್ನು ಎಡಗಡೆಯ ಮೂರು ಅಂತ ತಿಳಿದ ಮಗು 300,11,27 ಬರೆಯುತ್ತದೆ. ಅಂತರರಾಷ್ಟ್ರೀಯ ಪದ್ಧತಿಯದು 3,001,127. ನಾಲ್ಕು ತಪ್ಪು, ನಾಲ್ಕು ಬೇರೆ ಗುರುತು. ಆದರೆ ನಮ್ಮ ಹುಡುಗನ ದೋಷ ಮಾತ್ರ ಇಲ್ಲಿ ಅಡಗಿಬಿಡುತ್ತದೆ. ಅದಕ್ಕೇ ಒಂದು ಆರಂಕಿ, ಒಂದು ಏಳಂಕಿ, ಎರಡೂ ಇರಲೇಬೇಕು. ಕೋಟಿಯ ಅಭ್ಯಾಸಕ್ಕೆ ಒಂದು ಎಂಟಂಕಿ ಸೇರಿಸಿ. ಇಷ್ಟು ಮೂರು ಸಂಖ್ಯೆ ಸಾಕು. ಇಪ್ಪತ್ತು ಸಂಖ್ಯೆ ತುಂಬಿದ ಹಾಳೆಗಿಂತ ಇವು ಜಾಸ್ತಿ ಹೇಳುತ್ತವೆ.

61,095,297 ಅಂತ ಬರೆದ ಮಗುವಿನ ಬಗ್ಗೆ ಒಂದು ಮಾತು. ಅದನ್ನು ಶುದ್ಧ ತಪ್ಪು ಅನ್ನಬೇಡಿ. ಅದು ಬೇರೆ ಪದ್ಧತಿ. ಮನೆಯ ಫೋನಿನ ಕ್ಯಾಲ್ಕುಲೇಟರ್ ಹಾಗೆ ತೋರಿಸುತ್ತಿರಬಹುದು. ಅಂಥ ಮಗುವಿಗೆ ಓದಲು ಹೇಳಿ. ‘ಆರು ಕೋಟಿ ಹತ್ತು ಲಕ್ಷ’ ಅಂತ ಸರಿಯಾಗಿ ಓದಿದರೆ ಕಾಮಾ ಜಾಗ ಮಾತ್ರ ಬದಲಿಸಿದರೆ ಆಯಿತು. ‘ಅರವತ್ತೊಂದು ಲಕ್ಷ’ ಅಂತ ಓದಿದರೆ ಸಂಖ್ಯೆಯೇ ಕೈತಪ್ಪಿದೆ. ಆಗ ಮುಂದಿನ ಭಾಗ ಬೇಕಾಗುತ್ತದೆ.

ಒಂದು ದೋಷಕ್ಕೆ ಎರಡು ಕೆಂಪು ಗೆರೆ

ಹುಡುಗನ ವಿಸ್ತೃತ ರೂಪ ನೋಡೋಣ. 191791ಕ್ಕೆ ಹೀಗೆ ಬರೆದಿದ್ದ:

10,00,000 + 9,00,000 + 1,000 + 700 + 90 + 1

ತಪ್ಪೇ. ಸರಿಯಾದದ್ದು ಇದು:

1,00,000 + 90,000 + 1,000 + 700 + 90 + 1

ಆದರೆ ಅವನು ಹಾಕಿದ ಕಾಮಾ ಪಕ್ಕದಲ್ಲಿಟ್ಟು ನೋಡಿ. 19,1,791. ಇದನ್ನು ಅವನು ‘ಹತ್ತೊಂಬತ್ತು ಲಕ್ಷದ ಒಂದು ಸಾವಿರದ ಏಳುನೂರ ತೊಂಬತ್ತೊಂದು’ ಅಂತ ಓದಿದ್ದಾನೆ. ಹತ್ತೊಂಬತ್ತು ಲಕ್ಷಕ್ಕೆ 10,00,000 + 9,00,000 ಸರಿಯಾಗೇ ಇದೆ. ಅಂದರೆ ವಿಸ್ತೃತ ರೂಪ ಬರೆಯಲು ಅವನಿಗೆ ಬರುತ್ತದೆ. ತಾನು ಓದಿದ ಸಂಖ್ಯೆಯನ್ನು ಸರಿಯಾಗೇ ಬಿಡಿಸಿದ್ದಾನೆ. ಕಾಮಾದ ತಪ್ಪು ಹರಿದು ಕೆಳಗಿನ ಸಾಲಿಗೆ ಬಂದಿದೆ, ಅಷ್ಟೇ. ನಾನು ಎರಡು ಕಡೆ ಕೆಂಪು ಗೆರೆ ಎಳೆದು, ವಿಸ್ತೃತ ರೂಪವನ್ನು ಮೊದಲಿಂದ ಹೇಳಿಕೊಡಲು ಹೊರಟಿದ್ದರೆ ಅವನಿಗೆ ಬರುವುದನ್ನೇ ಇನ್ನೊಮ್ಮೆ ಹೇಳಿ, ಬಾರದ್ದನ್ನು ಬಿಟ್ಟಂತಾಗುತ್ತಿತ್ತು.

ಆದ್ದರಿಂದ ಎರಡು ಉತ್ತರಗಳನ್ನೂ ಒಟ್ಟಿಗೆ ಓದಬೇಕು. ಕಾಮಾ ತಪ್ಪು, ವಿಸ್ತೃತ ರೂಪವೂ ತಪ್ಪು, ಆದರೆ ಒಂದಕ್ಕೊಂದು ಹೊಂದುತ್ತವೆ ಅಂದರೆ ದೋಷ ಒಂದೇ, ಅದು ಕಾಮಾದಲ್ಲಿದೆ. ಕಾಮಾ ತಪ್ಪು, ವಿಸ್ತೃತ ರೂಪ ಸರಿ ಅಂದರೆ ಮಗು ಕಾಮಾ ನೋಡದೆಯೇ ಸ್ಥಾನ ಎಣಿಸಿದೆ. ಅದಕ್ಕೆ ಸ್ಥಾನಬೆಲೆ ಗೊತ್ತು. ಕಾಮಾ ಸರಿ, ವಿಸ್ತೃತ ರೂಪ ತಪ್ಪು ಅಂದರೆ ಬಹುಮಟ್ಟಿಗೆ ಸೊನ್ನೆಯ ತೊಂದರೆ. ಅದಕ್ಕೆ ಆಮೇಲೆ ಬರುತ್ತೇನೆ.

ದೋಷ ಎಲ್ಲಿದೆ ಅಂತ ಖಚಿತವಾಗಬೇಕಾದರೆ ವಿಸ್ತೃತ ರೂಪವನ್ನು ಕಾಮಾದ ಸಹಾಯ ಇಲ್ಲದೆ ಮಾಡಿಸಿ. ಅದಕ್ಕೆ ಒಂದು ಸುಲಭ ದಾರಿ ಇದೆ. ಯಾವುದೇ ಅಂಕಿಯ ಬಲಗಡೆ ಎಷ್ಟು ಅಂಕಿಗಳಿವೆಯೋ, ಅದರ ಸ್ಥಾನಬೆಲೆಯಲ್ಲಿ ಆ ಅಂಕಿಯ ಮುಂದೆ ಅಷ್ಟೇ ಸೊನ್ನೆ. ಅದಕ್ಕಿಂತ ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಮಗು ಎಡಗೈ ಬೆರಳಿನಿಂದ ಆ ಅಂಕಿಯನ್ನು ಮುಚ್ಚಿ, ಬಲಗಡೆ ಉಳಿದದ್ದನ್ನು ಎಣಿಸಬೇಕು.

ನಮ್ಮ ಹುಡುಗನಿಗೆ 554519 ಅನ್ನು ಕಾಮಾ ಇಲ್ಲದೆ ಬರೆದುಕೊಟ್ಟೆ. ಮೊದಲ 5 ಮುಚ್ಚಿದ. ಬಲಗಡೆ ಐದು ಅಂಕಿ. 5ರ ಮುಂದೆ ಐದು ಸೊನ್ನೆ ಬರೆದ, 500000. ಎರಡನೇ 5ರ ಬಲಕ್ಕೆ ನಾಲ್ಕು ಅಂಕಿ, 50000. 4ರ ಬಲಕ್ಕೆ ಮೂರು, 4000. ಹಾಗೇ 500, 10, 9. ಆಮೇಲೆ ತನ್ನ ಹಳೆಯ ಉತ್ತರ ನೋಡಿದ. ಅಲ್ಲಿ 50,00,000 + 5,00,000 ಇತ್ತು. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತ. ‘ಸರ್, ಆರು ಅಂಕಿಯಲ್ಲಿ ಐವತ್ತು ಲಕ್ಷ ಬರಲ್ಲ’ ಅಂದ. ಅವನೇ ಹೇಳಿದ ಆ ಮಾತು ನಾನು ಅರ್ಧ ಗಂಟೆ ಮಾತಾಡಿದ್ದರೂ ಅವನಿಗೆ ಮುಟ್ಟುತ್ತಿರಲಿಲ್ಲ. ಒಂದು ಲಕ್ಷಕ್ಕೆ ಆರು ಅಂಕಿ, ಹತ್ತು ಲಕ್ಷಕ್ಕೆ ಏಳು, ಒಂದು ಕೋಟಿಗೆ ಎಂಟು. ಇಷ್ಟು ಬಾಯಿಗೆ ಬಂದಿದ್ದರೆ 55,4,519 ಬರೆದ ಕೂಡಲೇ ಏನೋ ಸರಿಯಿಲ್ಲ ಅಂತ ಅನ್ನಿಸುತ್ತದೆ.

ಕಾಮಾ ಅಲ್ಲೇ ಯಾಕೆ ನಿಲ್ಲುತ್ತದೆ

‘ಮೂರು ಬಿಟ್ಟು ಎರಡೆರಡು’ ಅನ್ನುವುದು ಲೆಕ್ಕ ಮುಗಿಸಲು ಒಳ್ಳೆಯ ಮಾತು. ಆದರೆ ಅದರಲ್ಲಿ ಕಾರಣ ಇಲ್ಲ, ಯಾವ ಕಡೆಯಿಂದ ಅನ್ನುವುದೂ ಇಲ್ಲ. ಈಗ ನಾನು ಅದನ್ನು ಮೊದಲೇ ಹೇಳುವುದಿಲ್ಲ. ಕಾಮಾ ಅಂದರೆ ನಾವು ಬಾಯಲ್ಲಿ ಹೇಳುವ ಹೆಸರು ಅಂತ ಹೇಳುತ್ತೇನೆ.

6,10,95,297 ಓದಿ ನೋಡಿ. ಆರು ಕೋಟಿ, ಹತ್ತು ಲಕ್ಷ, ತೊಂಬತ್ತೈದು ಸಾವಿರದ ಇನ್ನೂರ ತೊಂಬತ್ತೇಳು. ಮೊದಲ ಕಾಮಾ ಇರುವ ಕಡೆ ಬಾಯಲ್ಲಿ ‘ಕೋಟಿ’ ಬಂತು. ಎರಡನೆಯದರ ಕಡೆ ‘ಲಕ್ಷ’. ಮೂರನೆಯದರ ಕಡೆ ‘ಸಾವಿರ’. ಮೂರು ಕಾಮಾ, ಮೂರು ಹೆಸರು. ಸಾವಿರ ನೂರಾದರೆ ಲಕ್ಷ, ಲಕ್ಷ ನೂರಾದರೆ ಕೋಟಿ. ಅಂದರೆ ಒಂದು ಹೆಸರಿನಿಂದ ಮುಂದಿನ ಹೆಸರಿಗೆ ಹೋಗುವ ಮೊದಲು 99ರವರೆಗೆ ಮಾತ್ರ ಎಣಿಸಬಹುದು. 99ಕ್ಕೆ ಎರಡು ಅಂಕಿ ಸಾಕು. ಅದಕ್ಕೇ ಅಲ್ಲಿ ಎರಡೆರಡು. ಸಾವಿರದ ಕೆಳಗೆ ಮಾತ್ರ 999ರವರೆಗೆ ಎಣಿಸಬೇಕು. ಅದಕ್ಕೆ ಮೂರು ಅಂಕಿ.

ಇದರಿಂದ ಇನ್ನೊಂದು ವಿಷಯವೂ ತಾನಾಗೇ ಬರುತ್ತದೆ. ಎಡತುದಿಯ ಗುಂಪು ಮಾತ್ರ ಒಂದು ಅಂಕಿಯದಾಗಿರಬಹುದು. ಒಳಗಿನ ಗುಂಪುಗಳಲ್ಲಿ ಎರಡು ಅಂಕಿ ಇರಲೇಬೇಕು, ಬಲತುದಿಯಲ್ಲಿ ಮೂರು ಇರಲೇಬೇಕು. 61,09,5,297ರಲ್ಲಿ ಒಳಗೆ ಒಂಟಿ 5 ಕಂಡಿತು ಅಂದರೆ ಓದುವ ಮೊದಲೇ ಅದು ತಪ್ಪು.

ಹುಡುಗನಿಗೆ ಹೇಳಿದ್ದು ಇಷ್ಟೇ. ಪೆನ್ಸಿಲ್ಲನ್ನು ಬಿಡಿಸ್ಥಾನದ ಮೇಲಿಡು. ಎಡಕ್ಕೆ ಸರಿಯುತ್ತಾ ‘ಬಿಡಿ, ಹತ್ತು, ನೂರು’ ಅನ್ನು. ಕಾಮಾ ಹಾಕಿ ‘ಸಾವಿರ’ ಅನ್ನು. ಇನ್ನೆರಡು ಅಂಕಿ ದಾಟಿ ಕಾಮಾ ಹಾಕಿ ‘ಲಕ್ಷ’ ಅನ್ನು. ಇನ್ನೆರಡು ದಾಟಿ ‘ಕೋಟಿ’. ಎಡಗಡೆ ಏನೂ ಉಳಿಯದಿದ್ದರೆ ಕಾಮಾ ಬೇಡ. ಈ ಕೊನೆಯ ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ಏಳಂಕಿಯ ಸಂಖ್ಯೆಯ ಮುಂದೆ ಸುಮ್ನೆ ಒಂದು ಕಾಮಾ ನೇತಾಡುತ್ತದೆ.

ಕಾಮಾ ಸರಿಯಿದ್ದು ವಿಸ್ತೃತ ರೂಪ ಕೆಟ್ಟರೆ

ಇದು ಸೊನ್ನೆಯ ಕೆಲಸ. ನಮ್ಮ ಹುಡುಗನ ಪಕ್ಕದಲ್ಲಿ ಕೂರುವ ಹುಡುಗಿ 61095297ಕ್ಕೆ ಕಾಮಾ ಸರಿಯಾಗಿ ಹಾಕಿದ್ದಳು, 6,10,95,297. ವಿಸ್ತೃತ ರೂಪ ಮಾತ್ರ ಹೀಗಿತ್ತು:

6,00,00,000 + 10,00,000 + 9,00,000 + 50,000 + 2,000 + 900 + 70

ಮೊದಲ ಎರಡು ಪದ ಸರಿ. ಮೂರನೆಯದರಿಂದ ಎಲ್ಲವೂ ಹತ್ತು ಪಟ್ಟು ದೊಡ್ಡದು. ಲಕ್ಷದ ಸ್ಥಾನದಲ್ಲಿ ಸೊನ್ನೆ ಇದೆ. ಸೊನ್ನೆಗೆ ಬೆಲೆ ಇಲ್ಲ ಅಂತ ಅದನ್ನು ಬಿಟ್ಟಿದ್ದಾಳೆ. ಅಂಕಿ ಬಿಟ್ಟದ್ದು ಸರಿ, ಆದರೆ ಅದರ ಜೊತೆ ಸ್ಥಾನವನ್ನೂ ದಾಟಬೇಕಿತ್ತು. ಮುಂದಿನ 9 ಬಂದು ಲಕ್ಷದ ಮನೆಯಲ್ಲಿ ಕೂತಿತು. ಅದರ ಹಿಂದೆ ಎಲ್ಲವೂ ಒಂದೊಂದು ಮನೆ ಎಡಕ್ಕೆ ಜರುಗಿದವು.

ಈ ದೋಷದ ಗುರುತು ಕೊನೆಯಲ್ಲಿದೆ. ಸಂಖ್ಯೆ 7ರಲ್ಲಿ ಮುಗಿದರೆ ವಿಸ್ತೃತ ರೂಪವೂ 7ರಲ್ಲೇ ಮುಗಿಯಬೇಕು. ಇಲ್ಲಿ 70ರಲ್ಲಿ ಮುಗಿದಿದೆ. ಬಿಡಿಸ್ಥಾನ ಖಾಲಿ. ಎಲ್ಲವನ್ನೂ ಕೂಡಿದರೆ 6,19,52,970 ಬರುತ್ತದೆ. ನಡುವೆ ಇದ್ದ ಸೊನ್ನೆ ಕೊನೆಗೆ ಹೋಗಿ ಕೂತಿದೆ ನೋಡಿ. ಎರಡು ಸೊನ್ನೆ ಬಿಟ್ಟರೆ 700ರಲ್ಲಿ ಮುಗಿಯುತ್ತದೆ. ಕೊನೆಯ ಪದ ಒಂದನ್ನೇ ನೋಡಿ, ಎಷ್ಟು ಸೊನ್ನೆ ಬಿಟ್ಟುಹೋಗಿವೆ ಅಂತ ಹೇಳಬಹುದು.

ಪರಿಹಾರಕ್ಕೆ ನಾನು ಸೊನ್ನೆಗೂ ಒಂದು ಪದ ಬರೆಸುತ್ತೇನೆ. ಮುಗಿಸಿದ ಉತ್ತರದಲ್ಲಿ ಅದು ಬೇಕಿಲ್ಲ, ಬರೆದರೂ ತಪ್ಪಲ್ಲ. ಕಲಿಯುವ ಮೊದಲ ಕೆಲವು ದಿನ ಮಾತ್ರ ಇರಲಿ:

6 × 1,00,00,000 = 6,00,00,000
1 × 10,00,000 = 10,00,000
0 × 1,00,000 = 0
9 × 10,000 = 90,000
5 × 1,000 = 5,000
2 × 100 = 200
9 × 10 = 90
7 × 1 = 7

ಎಂಟು ಅಂಕಿ, ಎಂಟು ಸಾಲು. ಸಾಲು ಕಡಿಮೆಯಾದರೆ ತಕ್ಷಣ ಗೊತ್ತಾಗುತ್ತದೆ. ಚೌಕದ ಗೆರೆ ಇರುವ ಲೆಕ್ಕದ ಪುಸ್ತಕದಲ್ಲಿ ಉತ್ತರಗಳನ್ನು ಒಂದರ ಕೆಳಗೆ ಒಂದು, ಬಿಡಿಸ್ಥಾನ ಸರಿಯಾಗಿ ಒಂದೇ ಸಾಲಿಗೆ ಬರುವಂತೆ ಬರೆಸಿ. ಆಗ 6, 1, 9, 5, 2, 9, 7 ಒಂದೊಂದೂ ಒಂದೊಂದು ಮನೆ ಬಲಕ್ಕೆ ಇಳಿಯುತ್ತಾ ಮೆಟ್ಟಿಲಿನ ಹಾಗೆ ಕಾಣುತ್ತವೆ. 1ರಿಂದ 9ಕ್ಕೆ ಇಳಿಯುವಾಗ ಮಾತ್ರ ಒಂದು ಮೆಟ್ಟಿಲು ಹಾರಿರುತ್ತದೆ. ಅದೇ ಆ ಸೊನ್ನೆ.

ಕೆಲವು ಮಕ್ಕಳು 6 ಕೋಟಿ + 10 ಲಕ್ಷ + 95 ಸಾವಿರ + 297 ಅಂತ ಬರೆಯುತ್ತಾರೆ. ಬೆಲೆ ಸರಿ. ಕೇಳಿದ ರೂಪ ಇದಲ್ಲ, ಆದರೆ ಈ ಮಗುವಿಗೆ ಗುಂಪುಗಳು ಚೆನ್ನಾಗಿ ಗೊತ್ತು. 6 + 1 + 0 + 9 + 5 + 2 + 9 + 7 ಬರೆಯುವ ಮಗು ಬೇರೆ. ಅದು ಮುಖಬೆಲೆಗಳನ್ನು ಕೂಡಿದೆ, 39 ಬರುತ್ತದೆ. ಈ ಸಂಖ್ಯೆ 2011ರಲ್ಲಿ ಕರ್ನಾಟಕದ ಜನಸಂಖ್ಯೆ, ಆರು ಕೋಟಿ ಜನ 39 ಜನ ಆಗುತ್ತಾರಾ ಅಂತ ಕೇಳಿದರೆ ತಾನೇ ಅಳಿಸಿ ಬರೆಯುತ್ತದೆ.

ಅಕ್ಷರದಿಂದ ಅಂಕಿಗೆ: ಬಾಯಲ್ಲಿ ಬಾರದ ಒಂದು

ಮೈಸೂರಿನ ಸಂಖ್ಯೆಯನ್ನು ಅಕ್ಷರದಲ್ಲಿ ಹೇಳಿ ಬರೆಸಿದರೆ ಕನ್ನಡದ್ದೇ ಆದ ಒಂದು ತೊಂದರೆ ಎದುರಾಗುತ್ತದೆ. ‘ಮೂವತ್ತು ಲಕ್ಷದ ಸಾವಿರದ ನೂರ ಇಪ್ಪತ್ತೇಳು.’ ಮಾತಿನಲ್ಲಿ ನಾವು ‘ಒಂದು ಲಕ್ಷ’ ಅನ್ನುತ್ತೇವೆ, ‘ಒಂದು ಕೋಟಿ’ ಅನ್ನುತ್ತೇವೆ. ಸಾವಿರ ಮತ್ತು ನೂರಕ್ಕೆ ಬಂದಾಗ ಆ ‘ಒಂದು’ ಬಿಟ್ಟುಹೋಗುತ್ತದೆ. ‘ಸಾವಿರದ ನೂರ’ ಅಂದರೆ ಸಾಕು, ನಮಗೆ ಅರ್ಥವಾಗುತ್ತದೆ. ಕೇಳಿ ಬರೆಯುವ ಮಗುವಿಗೆ ಸಾವಿರದ ಮನೆಯಲ್ಲಿ ಇಡಲು ಅಂಕಿಯೇ ಕೇಳಿಸುವುದಿಲ್ಲ.

ಆಗ ಬರುವ ತಪ್ಪುಗಳು ಮೂರು ತರ. ಸಾವಿರದ ಅಂಕಿ ಕೇಳಿಸದ ಮಗು 30,00,127 ಬರೆಯುತ್ತದೆ. ‘ಒಂದು’ ಗೊತ್ತಾದರೂ ಅದಕ್ಕೆ ಎರಡು ಮನೆ ಬೇಕು ಅಂತ ಗೊತ್ತಿಲ್ಲದ ಮಗು 30,1,127 ಬರೆಯುತ್ತದೆ. ಆಮೇಲೆ ಕಾಮಾ ತಿದ್ದು ಅಂದರೆ 3,01,127 ಮಾಡುತ್ತದೆ. ಇದು ಜಾಸ್ತಿ ಅಪಾಯದ್ದು. ಕಾಮಾ ಈಗ ನೋಡಲು ಪೂರ್ತಿ ಸರಿ, ಆದರೆ ಮೂವತ್ತು ಲಕ್ಷ ಮೂರು ಲಕ್ಷವಾಗಿದೆ. ಮೂರನೆಯ ಮಗು ಕೇಳಿದ ಹಾಗೇ ಬರೆಯುತ್ತದೆ: 30000001000127. ಮೂವತ್ತು ಲಕ್ಷ ಬರೆದು, ಅದರ ಪಕ್ಕ ಸಾವಿರ ಬರೆದು, ಅದರ ಪಕ್ಕ ನೂರ ಇಪ್ಪತ್ತೇಳು. ಇದಕ್ಕೆ ವಿಸ್ತೃತ ರೂಪ ಮನಸ್ಸಿನಲ್ಲಿದೆ, ಕೂಡುವ ಬದಲು ಅಂಟಿಸಿದೆ.

ಮೂರಕ್ಕೂ ಮದ್ದು ಒಂದೇ. ಬರೆಯುವ ಮೊದಲು ಖಾಲಿ ಮನೆಗಳನ್ನು ಎಳೆಸಿ. ‘ಮೂವತ್ತು ಲಕ್ಷ’ ಕೇಳಿದ ಕೂಡಲೇ ಲಕ್ಷದ ಗುಂಪಿಗೆ ಎರಡು ಮನೆ, ಸಾವಿರಕ್ಕೆ ಎರಡು, ಕೊನೆಗೆ ಮೂರು. ಒಟ್ಟು ಏಳು ಮನೆ, ನಡುವೆ ಕಾಮಾ. ಆಮೇಲೆ ತುಂಬಬೇಕು. ಸಾವಿರದ ಎರಡು ಮನೆ ಖಾಲಿ ಉಳಿದರೆ ಮಗುವೇ ಕೇಳುತ್ತದೆ, ಎಷ್ಟು ಸಾವಿರ ಅಂತ. ಮೊದಮೊದಲು ಹೇಳಿ ಬರೆಸುವಾಗ ‘ಒಂದು ಸಾವಿರದ ಒಂದು ನೂರ’ ಅಂತ ಬಿಡಿಸಿ ಹೇಳಿದರೂ ತಪ್ಪೇನಿಲ್ಲ.

ಉತ್ತರದ ಹಾಳೆಯೇ ತಪ್ಪಾಗಿದ್ದರೆ

ಕಂಪ್ಯೂಟರಿನಲ್ಲಿ ಹಾಳೆ ತಯಾರಿಸುವವರು ಇದನ್ನು ನೋಡಲೇಬೇಕು. ಎಕ್ಸೆಲ್‌ನಲ್ಲಿ 61095297 ಟೈಪ್ ಮಾಡಿ ಕಾಮಾ ಗುಂಡಿ ಒತ್ತಿದರೆ 61,095,297 ಬರಬಹುದು. ಗಣಕದ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಹೀಗಾಗುತ್ತದೆ. ಅದನ್ನು ಭಾರತಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಬೇರೆಯವರ ಗಣಕವಾಗಿದ್ದು ಬದಲಿಸಲು ಆಗದಿದ್ದರೆ ಆ ಕೋಶಗಳಿಗೆ ಈ ಕಸ್ಟಮ್ ಫಾರ್ಮ್ಯಾಟ್ ಹಾಕಿ:

```
[>=10000000]##\,##\,##\,##0;[>=100000]##\,##\,##0;##,##0
```

ಕೋಟಿ ಮತ್ತು ಅದಕ್ಕಿಂತ ಜಾಸ್ತಿಗೆ ಮೊದಲ ಭಾಗ, ಲಕ್ಷದಿಂದ ಕೋಟಿಯ ಒಳಗಿನದಕ್ಕೆ ಎರಡನೆಯದು, ಉಳಿದದ್ದಕ್ಕೆ ಮೂರನೆಯದು. ಹಾಕಿದ ಮೇಲೆ ಒಂದು ಆರಂಕಿ, ಒಂದು ಏಳಂಕಿ, ಒಂದು ಎಂಟಂಕಿ ಟೈಪ್ ಮಾಡಿ ಕಣ್ಣಾರೆ ನೋಡಿ. ಐದಂಕಿ ಟೈಪ್ ಮಾಡಿ ಸರಿಯಿದೆ ಅಂತ ಬಿಡಬೇಡಿ. ಕಾರಣ ಈಗಾಗಲೇ ಗೊತ್ತಲ್ಲ.

ಇದು ನೂರು ಕೋಟಿ ದಾಟಿದರೆ ನಿಲ್ಲುತ್ತದೆ. 2011ರಲ್ಲಿ ಭಾರತದ ಜನಸಂಖ್ಯೆ 1,21,08,54,977. ಮೇಲಿನ ಫಾರ್ಮ್ಯಾಟ್ ಅದನ್ನು 121,08,54,977 ಅಂತ ತೋರಿಸುತ್ತದೆ. ಎಡತುದಿಯ ಕಾಮಾ ಬರುವುದಿಲ್ಲ. ಮಕ್ಕಳೂ ಹೀಗೇ ಬರೆಯುತ್ತಾರೆ. ಅವರ ಕಾರಣ ನ್ಯಾಯವಾದದ್ದೇ: ಬಾಯಲ್ಲಿ ‘ನೂರ ಇಪ್ಪತ್ತೊಂದು ಕೋಟಿ’ ಅನ್ನುತ್ತೇವೆ, ಆ ಮೊದಲ ಕಾಮಾಗೆ ಮಾತಿನಲ್ಲಿ ಹೆಸರೇ ಇಲ್ಲ. ಕಾಮಾ ಅಂದರೆ ಹೆಸರು ಅಂತ ನಾನು ಹೇಳಿದ್ದು ಇಲ್ಲಿಗೆ ಮುಗಿಯುತ್ತದೆ. ಕೋಟಿಯ ಆಚೆಗೂ ಎರಡೆರಡಕ್ಕೆ ಕಾಮಾ ಹಾಕುವುದು ಬರವಣಿಗೆಯ ರೂಢಿ ಅಂತಲೇ ಹೇಳಿಕೊಡಬೇಕು. ಕೋಟಿಯ ಪಾಠ ಗಟ್ಟಿಯಾಗುವವರೆಗೆ ಹಾಳೆಯಲ್ಲಿ ಹತ್ತಂಕಿ ಹಾಕದಿರುವುದು ಒಳ್ಳೆಯದು.

ಮತ್ತೆ ಪರೀಕ್ಷಿಸುವುದು

ವಿಸ್ತೃತ ರೂಪವನ್ನು ಕೂಡಿ ಮೂಲ ಸಂಖ್ಯೆ ಬರುತ್ತದಾ ನೋಡು ಅಂತ ಎಲ್ಲರೂ ಹೇಳುತ್ತೇವೆ. ಮಗು ನಿಜವಾಗಿ ಕೂಡುವುದಿಲ್ಲ. ಮೊದಲ ಅಂಕಿಗಳನ್ನು ಸಾಲಾಗಿ ಓದಿ, ಮೇಲಿನ ಸಂಖ್ಯೆಯನ್ನೇ ನೋಡಿ ಬರೆದು, ಸರಿಯಿದೆ ಅನ್ನುತ್ತದೆ. ಹಾಗಾಗಿ ಮೂಲ ಸಂಖ್ಯೆಯನ್ನು ಕಾಗದದಿಂದ ಮುಚ್ಚಿ ಕೂಡಿಸಿ. ಅಥವಾ ಪಕ್ಕದ ಮಗುವಿಗೆ ಕೊಟ್ಟು ಕೂಡಿಸಿ.

ಇನ್ನೊಂದು ಪರೀಕ್ಷೆ ನನಗೆ ಇಷ್ಟ. 2011ರಲ್ಲಿ ಕರ್ನಾಟಕದ ಗಂಡಸರು 30966657, ಹೆಂಗಸರು 30128640. ಎರಡಕ್ಕೂ ಕಾಮಾ ಹಾಕಿ, ವಿಸ್ತೃತ ರೂಪ ಬರೆದು, ಸ್ಥಾನ ಸ್ಥಾನ ಸೇರಿಸಿ ಕೂಡಬೇಕು. ಸರಿ ಬಂದರೆ 6,10,95,297 ಸಿಗುತ್ತದೆ. ಎರಡರಲ್ಲೂ ನಡುವೆ ಸೊನ್ನೆ ಇದೆ. ಎರಡೂ ಎಂಟಂಕಿಯವು. ಎಡದಿಂದ ಜೋಡಿ ಮಾಡುವ ಮಗು 30,96,6,657 ಬರೆದು ಅಲ್ಲೇ ಸಿಕ್ಕಿಬೀಳುತ್ತದೆ. ಸೊನ್ನೆಯ ಸ್ಥಾನವನ್ನೇ ಬಿಟ್ಟುಬಿಡುವ ಮಗುವಿಗೆ ಮೊತ್ತ ಹೊಂದುವುದಿಲ್ಲ.

ನಮ್ಮ ಹುಡುಗನಿಗೆ ಮಾರನೇ ದಿನ ಇದನ್ನೇ ಕೊಟ್ಟೆ. 3,09,66,657 ಮತ್ತು 3,01,28,640, ಎರಡೂ ಸರಿಯಾಗಿ ಬಂದವು. ಎರಡನೆಯದರ ವಿಸ್ತೃತ ರೂಪದಲ್ಲಿ 1,00,000 ಮುಂದೆ ಒಂದು ಸೊನ್ನೆ ಜಾಸ್ತಿ ಇತ್ತು. ಹತ್ತು ಲಕ್ಷದ ಸ್ಥಾನದಲ್ಲಿ ಸೊನ್ನೆ ಇದೆಯಲ್ಲ, ಅದನ್ನು ದಾಟಿರಲಿಲ್ಲ. ಪಕ್ಕದ ಹುಡುಗಿ ಬೆರಳಿಟ್ಟು ತೋರಿಸಿದಳು. ಅವನು ಆ 1ರ ಬಲಗಡೆ ಎಣಿಸಿದ, ಐದು, ಒಂದು ಸೊನ್ನೆ ಅಳಿಸಿದ.